ಸುಮಕ್ಕನಿಗೂ ಪಾಪುವಿಗೂ ದೀಪಾವಳಿಯ ಶುಭಾಶಯ

ಪ್ರೀತಿಯ ಸುಮಕ್ಕಾ,

ನಿಮಗೂ ಪಾಪುವಿಗೂ ಪೆರ್ಲದ ಮನೆಯವರೆಲ್ಲರಿಗೂ ದೀಪಾವಳಿಯ ಶುಭಾಶಯಗಳು. ನಾವೆಲ್ಲ ವರ್ಷಕ್ಕೊಮ್ಮೆ ಹಂಡೆಗೆ ಬಳ್ಳಿ ಸುತ್ತಿ, ನೀರು ತುಂಬಿ, ನಸುಕಿನಲ್ಲೆದ್ದು ಎಣ್ಣೆಸ್ನಾನ ಮಾಡುವವರು. ನಿಮಗಂತೂ ಹೆರಿಗೆಯಾದಂದಿನಿಂದ ದಿನವೂ ನರಕ ಚತುರ್ದಶಿಯೇ!

ಈ ಚೀಲದಲ್ಲಿರುವುದು ನಿಮ್ಮ ಪಾಲು. ಇಂದು ಮಧ್ಯಾಹ್ನ ಎಲ್ಲರೂ ಸೇರಿ ಉಂಡಾಗ ಮೊದಲೇ ತೆಗೆದಿಟ್ಟದ್ದು, ಉಳಿದದ್ದಲ್ಲ. ಅರಸಿನ ಎಲೆಯ ಕಡುಬು 12 ಇವೆ. ಒಳಗೆ ಬೆಲ್ಲ, ತೆಂಗಿನಕಾಯಿ, ಏಲಕ್ಕಿ. ಹಸಿ ಕಾಯಿಯ ಹೂರಣ ಬೇಗ ಹುಳಿಯುತ್ತದೆ, ಹಾಗಾಗಿ ಇವತ್ತು ರಾತ್ರಿಯೇ ಮುಗಿಸಿಬಿಡಿ. ಬಿಸಿ ಮಾಡುವುದಾದರೆ ಎಲೆ ಬಿಚ್ಚದೆ ಹಬೆಯಲ್ಲಿ 10 ನಿಮಿಷ ಇಟ್ಟರೆ ಸಾಕು. ಮೈಕ್ರೋವೇವ್ ಬೇಡ, ಅಕ್ಕಿಯ ಪದರ ಚರ್ಮದ ಹಾಗೆ ಗಟ್ಟಿಯಾಗುತ್ತದೆ.

ತೆಳು ಅವಲಕ್ಕಿ ಕಾಲು ಕಿಲೋ, ಪುಡಿ ಬೆಲ್ಲ 100 ಗ್ರಾಂ ಬೇರೆ ಬೇರೆ ಕಟ್ಟಿದ್ದೇವೆ. ಮೊದಲೇ ಕಲಸಿದರೆ ನಿಮ್ಮಲ್ಲಿಗೆ ತಲುಪುವಷ್ಟರಲ್ಲಿ ಮುದ್ದೆಯಾದೀತು. ತಿನ್ನುವ ಹೊತ್ತಿಗೆ ಅರ್ಧ ಕಾಯಿ ತುರಿದು, ಬೆಲ್ಲದೊಂದಿಗೆ ಕೈಯಲ್ಲಿ ಹಿಚುಕಿ, ಆಮೇಲೆ ಅವಲಕ್ಕಿ ಸೇರಿಸಿ. ನೀರು ಮುಟ್ಟಿಸಬೇಡಿ, ಕಾಯಿಯ ರಸವೇ ಸಾಕು. ಪಥ್ಯದಲ್ಲಿ ಯಾವುದಕ್ಕೆ ಅಮ್ಮನ ಒಪ್ಪಿಗೆ ಇಲ್ಲವೋ ಅದು ಭಾವನವರ ಪಾಲಿಗೆ. ಪಾಪುವಿಗೆ ಮಾತ್ರ ಇದರಲ್ಲಿ ತಿನ್ನುವಂಥದ್ದೇನೂ ಇಲ್ಲ. ಆರು ತಿಂಗಳು ತುಂಬುವವರೆಗೆ ನಿಮ್ಮ ಹಾಲೇ ಅವಳ ಹಬ್ಬದೂಟ.

ಅವಳಿಗೆ ಮೂರು ಹತ್ತಿ ಜಬಲಾ ಇಟ್ಟಿದ್ದೇವೆ. ಒಂದು ಈಗಿನ ಅಳತೆ, ಎರಡು ತುಸು ದೊಡ್ಡವು. ಗುಂಡಿ ಇಲ್ಲ, ಲಾಡಿ ಮಾತ್ರ. ಹೊಸ ಬಟ್ಟೆಯ ಗಂಜಿ ಹೋಗಲೆಂದು ಎರಡು ಸಲ ತೊಳೆದು ಬಿಸಿಲಿಗೆ ಹಾಕಿದ್ದೇವೆ, ಹಬ್ಬದ ಬೆಳಿಗ್ಗೆಯೇ ತೊಡಿಸಬಹುದು. ಸಂಜೆ ಅಕ್ಕಪಕ್ಕದಲ್ಲಿ ಮಾಲೆಪಟಾಕಿ ಶುರುವಾದರೆ ಹೊಗೆ ಬಾರದ ಹಿಂಬದಿಯ ಕೋಣೆ ಒಳ್ಳೆಯದು. ದೀಪ ಅಲ್ಲಿಂದಲೇ ಕಂಡರೂ ಅವಳ ಮೊದಲ ದೀಪಾವಳಿ ದೀಪಾವಳಿಯೇ.

ಚೀಲವನ್ನು ಜಗಲಿಯಲ್ಲಿಟ್ಟು ಹೊರಟರೆ ಬೇಸರಿಸಬೇಡಿ. ನಮ್ಮಲ್ಲಿ ಇಬ್ಬರಿಗೆ ಶೀತ. ಪಾಪುವನ್ನು ಎತ್ತಿಕೊಳ್ಳುವ ಆಸೆ ಮೂಗು ಸೋರುವುದು ನಿಂತ ಮೇಲೆ.

ಒಂದು ವಿಷಯ ನೀವೇ ತೀರ್ಮಾನಿಸಬೇಕು, ಪ್ರತಿ ವರ್ಷ ಮಾಡುವ ಹಾಗೆ. ಪಾಡ್ಯದ ರಂಗೋಲಿ ನಡುವೆ 13 ಚುಕ್ಕೆ ಇಟ್ಟು ಎರಡೂ ಕಡೆ ಒಂದೊಂದು ಇಳಿಸಿ 7ಕ್ಕೆ ನಿಲ್ಲಿಸುವುದೋ, 15ರಿಂದ 8ಕ್ಕೋ? ಬಿಡುವಾದಾಗ ಫೋನಿನಲ್ಲಿ ಬರೇ ಅಂಕೆ ಒತ್ತಿದರೆ ಸಾಕು. ಆಗದಿದ್ದರೆ ನಾವೇ 13 ಎಂದು ಹಿಡಿದು ಹಾಕಿ ಫೋಟೋ ಕಳಿಸುತ್ತೇವೆ. ಈ ಕಾಗದಕ್ಕೆ ಉತ್ತರ ಬರೆಯಬೇಡಿ, ಆ ಹೊತ್ತಿನಲ್ಲಿ ಮಲಗಿ.

ಎಲ್ಲವನ್ನೂ ಬಾಳೆಲೆಯಲ್ಲಿ, ಕಾಗದದಲ್ಲಿ ಕಟ್ಟಿದ್ದು ಬೇಕೆಂದೇ. ಡಬ್ಬಿ ಕಳಿಸಿದ್ದರೆ ಖಾಲಿ ಕೊಡಬಾರದೆಂದು ಅಮ್ಮ ಒಲೆಯ ಮುಂದೆ ನಿಂತುಬಿಡುತ್ತಿದ್ದರು.

ಇಂತಿ,
ಕಾಸರಗೋಡಿನ ನಿಮ್ಮ ಮಧ್ಯಾಹ್ನದೂಟದ ಪಂಕ್ತಿಯವರು