ಮಳೆ ನಿಂತ ಮೇಲಿನ ಮೊದಲ ಪೆಟ್ಟು

ತ್ಯಾಗರಾಜನಗರ, ಬೆಂಗಳೂರು. ಭಾನುವಾರ, ಆಗಸ್ಟ್ 31, 2025, ರಾತ್ರಿ ಏಳೂವರೆ. ಐದು ದಿನ ಕೂರಿಸಿದ ಗಣಪತಿಯನ್ನು ಬಿಡಲು ಯಡಿಯೂರು ಕೆರೆಯ ಕಡೆಗೆ ಹೊರಟ ನಮ್ಮ ಬೀದಿಯ ಮೆರವಣಿಗೆ.

ಈ ಚಿತ್ರದಲ್ಲಿ ಗಣಪ ಎಲ್ಲಿ ಎಂದು ಕೇಳಬೇಡಿ. ಹಿಂದೆ ಟೆಂಪೊದ ಮೇಲೆ, ಸೇವಂತಿಗೆ ಹಾರದ ನಡುವೆ ಮಸುಕಾಗಿ ಕಾಣುತ್ತಾನಲ್ಲ, ಅವನೇ. ಮೂರಡಿಯ ಮಣ್ಣಿನ ಗಣಪ. ಅವನ ಚಿತ್ರಗಳನ್ನು ಐದು ದಿನವೂ ತೆಗೆದಿದ್ದೇನೆ. ಇದು ತಮಟೆಯವರ ಚಿತ್ರ.

ಮುಂದೆ ಒಂದು ಮೊಣಕಾಲು ಎತ್ತಿ ನಿಂತಿರುವ ಹಿರಿಯರನ್ನು ನೋಡಿ. ಎಡ ಭುಜದಿಂದ ಇಳಿಬಿದ್ದ ಪಟ್ಟಿಯಲ್ಲಿ ತಮಟೆ. ಎಡಗೈಯ ಸಣ್ಣ ಕಡ್ಡಿ ಅಂಚಿನ ಮೇಲೆ ಕೂತಿದೆ, ಬಲಗೈಯ ದಪ್ಪ ಕೋಲು ಮಾತ್ರ ಕ್ಯಾಮೆರಾಕ್ಕೆ ಸಿಕ್ಕಿಲ್ಲ. ಅಲ್ಲಿರುವುದು ಬರೀ ಒಂದು ಬಿಳಿ ಗೆರೆ. ಅಷ್ಟು ವೇಗ! ಆ ಗೆರೆಯನ್ನು ನೋಡಿದಾಗಲೆಲ್ಲ ನನಗೆ ಸದ್ದು ಕೇಳಿಸುತ್ತದೆ.

ಈ ಚಿತ್ರಕ್ಕೆ ಇಪ್ಪತ್ತು ನಿಮಿಷ ಮೊದಲು ಬೀದಿ ಮೌನವಾಗಿತ್ತು. ಮೆರವಣಿಗೆ ಎರಡನೆಯ ತಿರುವು ದಾಟುವಷ್ಟರಲ್ಲಿ ಮಳೆ ಸುರಿಯಿತು. ಗಣಪನಿಗೆ ಟಾರ್ಪಾಲು ಹೊದಿಸಿದೆವು. ತಮಟೆಗಳು ಮಾತ್ರ ನೆನೆದು ಹೋದವು. ನೀರು ಕುಡಿದ ಚರ್ಮ ಸಡಿಲವಾಗುತ್ತದೆ, ಆಮೇಲೆ ಎಷ್ಟು ಬಲವಾಗಿ ಬಡಿದರೂ ‘ದಬ್’ ಎಂಬ ಸತ್ತ ಸದ್ದೇ. ಈಚೆಗೆ ಪ್ಲಾಸ್ಟಿಕ್ ಹಾಳೆಯ ತಮಟೆಗಳೂ ಬಂದಿವೆ, ಅವಕ್ಕೆ ಮಳೆಯ ಭಯವಿಲ್ಲ. ಆದರೆ ಚಿಕ್ಕಬಳ್ಳಾಪುರದ ಕಡೆಯಿಂದ ಬಂದ ಈ ಆರು ಜನ ಇನ್ನೂ ಚರ್ಮದ ತಮಟೆಯನ್ನೇ ಹಿಡಿದಿದ್ದಾರೆ. 2023ರಲ್ಲಿ ಪದ್ಮಶ್ರೀ ಪಡೆದ ತಮಟೆ ಕಲಾವಿದ ಮುನಿವೆಂಕಟಪ್ಪನವರದೂ ಅದೇ ಜಿಲ್ಲೆ. ಆ ಮಾತು ಎತ್ತಿದ್ದೇ ತಡ, ಹಿರಿಯರ ಮುಖ ಅರಳಿತು. “ನಮ್ಮ ಕಡೆಯವರೇ ಸ್ವಾಮಿ” ಎಂದು ಎದೆಯ ಮೇಲೆ ಕೈ ಇಟ್ಟುಕೊಂಡರು.

ಮಳೆ ನಿಂತ ಕೂಡಲೇ ಅವರು ಕೇಳಿದ್ದು ಕಾಫಿಯನ್ನಲ್ಲ, ಬೆಂಕಿಯನ್ನು. ಮಕ್ಕಳು ಮನೆಮನೆಗೆ ಓಡಿ ಹಳೆಯ ಪತ್ರಿಕೆ ತಂದರು. ಮೂಲೆಮನೆಯ ಅಜ್ಜಿ ನೀರೊಲೆಗೆಂದು ಕೂಡಿಟ್ಟಿದ್ದ ಒಣ ತೆಂಗಿನ ಸಿಪ್ಪೆಯನ್ನು ಮಡಿಲಲ್ಲಿ ತುಂಬಿಕೊಂಡು ಬಂದರು. ದಿನಸಿ ಅಂಗಡಿಯ ಮಾಡಿನ ಕೆಳಗೆ ಬೆಂಕಿ ಹತ್ತಿತು. ಹಿರಿಯರು ತಮಟೆಯನ್ನು ಜ್ವಾಲೆಗೆ ತೋರಿಸುವುದು, ತಿರುಗಿಸುವುದು, ಬೆರಳಿನಿಂದ ತಟ್ಟಿ ಕಿವಿಗೊಡುವುದು. ತಲೆಯಾಡಿಸಿ ಮತ್ತೆ ಕಾಯಿಸುವುದು. ಹತ್ತಿರ ಹಿಡಿದರೆ ಚರ್ಮ ಸುಡುತ್ತದೆ, ದೂರ ಹಿಡಿದರೆ ಬಿಗಿಯುವುದಿಲ್ಲ. ಇಡೀ ಬೀದಿ ಸುತ್ತ ನಿಂತು, ಹಾಲು ಉಕ್ಕುವುದನ್ನು ಕಾಯುವವರ ಹಾಗೆ ನೋಡುತ್ತಿತ್ತು. ನಾಲ್ಕನೆಯ ಸಲ ತಟ್ಟಿದಾಗ ‘ಟಣ್’ ಎಂದಿತು. ಅವರು ನಕ್ಕರು. ಕೋಲು ಎತ್ತಿದರು.

ಈ ಚಿತ್ರ ಅಲ್ಲಿಂದ ಮುಂದಿನ ಒಂದು ನಿಮಿಷದ್ದು.

ಬಲಗಡೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈ ಮೇಲೆತ್ತಿರುವವರು ಅದೇ ಅಜ್ಜಿ. ಇಷ್ಟು ವರ್ಷವೂ ಬಾಗಿಲಲ್ಲಿ ಆರತಿ ಎತ್ತಿ ಒಳಗೆ ಹೋಗುತ್ತಿದ್ದರು. ಅವರು ಕುಣಿದದ್ದನ್ನು ನಾನು ಕಂಡದ್ದು ಇದೇ ಮೊದಲು. ಅವರ ಪಕ್ಕದಲ್ಲಿ ಅಂಗಿ ಪೂರ್ತಿ ಕೆಂಪಾದವನು ಹಾಲಿನ ಬೂತಿನ ಅಣ್ಣ. ಅದು ಗುಲಾಲು, ಗಾಬರಿಯಾಗಬೇಡಿ. ತಂದೆಯ ಹೆಗಲ ಮೇಲೆ ಕುಳಿತ ಪುಟ್ಟಿ ಎರಡೂ ಕಿವಿ ಮುಚ್ಚಿಕೊಂಡಿದ್ದಾಳೆ, ಆದರೆ ಬಾಯಿ ನೋಡಿ, ಎಲ್ಲರಿಗಿಂತ ಜೋರಾಗಿ “ಮೋರಯಾ” ಎನ್ನುತ್ತಿದೆ. ಕೆಳಗೆ ಕೆಸರಿನಲ್ಲಿ ಒಂಟಿ ಚಪ್ಪಲಿ. ಯಾರದೆಂದು ಇನ್ನೂ ಗೊತ್ತಾಗಿಲ್ಲ, ನಮ್ಮ ಮನೆಯ ಜಗುಲಿಯ ಮೇಲೆ ಇಟ್ಟಿದ್ದೇನೆ.

ಹಿಂದಿನ ಎರಡು ವರ್ಷ ಡಿಜೆ ತರಿಸಿದ್ದೆವು. ಕಿಟಕಿಯ ಗಾಜು ನಡುಗುತ್ತಿತ್ತು, ಹುಡುಗರು ಕುಣಿಯುತ್ತಿದ್ದರು, ಉಳಿದವರು ಮನೆಯೊಳಗೇ ಇರುತ್ತಿದ್ದರು. ತಮಟೆ ಹಾಗಲ್ಲ. ಬಡಿಯುವವನೇ ಮೊದಲು ಹೆಜ್ಜೆ ಹಾಕುತ್ತಾನೆ, ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ಕರೆಯುತ್ತಾನೆ. ನಿಮ್ಮ ಕಾಲು ಸೋತರೆ ಪೆಟ್ಟನ್ನು ನಿಧಾನ ಮಾಡುತ್ತಾನೆ, ಉತ್ಸಾಹ ಏರಿದರೆ ಅವನೂ ಏರುತ್ತಾನೆ. ಎಪ್ಪತ್ತು ದಾಟಿದ ಅಜ್ಜಿಯನ್ನು ರಸ್ತೆಗೆ ಇಳಿಸಿದ್ದು ಅದೇ.

ಕೆರೆಯ ಪಕ್ಕದ ಕಲ್ಯಾಣಿಯಲ್ಲಿ ಗಣಪ ಮುಳುಗುವಾಗ ಒಂಬತ್ತು ದಾಟಿತ್ತು. ವಾಪಸು ಬಂದು ಚಿತ್ರಾನ್ನ, ಮೊಸರನ್ನ ಬಡಿಸಿ ತಮಟೆಯವರ ಜೊತೆಗೇ ಕುಳಿತು ಉಂಡೆವು. ಹಿರಿಯರ ಅಂಗೈ ಬಾತುಕೊಂಡಿತ್ತು, ಅಜ್ಜಿ ಕೊಬ್ಬರಿ ಎಣ್ಣೆ ತಂದು ಕೊಟ್ಟರು. ಮುಂದಿನ ವರ್ಷಕ್ಕೆ ಮುಂಗಡವನ್ನು ಅಂದೇ ಅವರ ಕೈಗಿಟ್ಟಿದ್ದೇವೆ. ತೆಂಗಿನ ಸಿಪ್ಪೆಯನ್ನು ಈಗಿನಿಂದಲೇ ಒಣಗಿಸುತ್ತೇನೆ ಎಂದು ಅಜ್ಜಿ ಹೇಳಿದ್ದಾರೆ.