ಸ್ವವಿವರ: ರೇಖಾ ಎಂ., ಕಂಪನಿ ಸೆಕ್ರೆಟರಿ

ಕೋರಿರುವ ಹುದ್ದೆ: ಕಂಪನಿ ಸೆಕ್ರೆಟರಿ ಮತ್ತು ಕಂಪ್ಲಯನ್ಸ್ ಆಫೀಸರ್, ಹುಬ್ಬಳ್ಳಿ
ಊರು: ಧಾರವಾಡ. ಈಗ ಬೆಂಗಳೂರಿನಲ್ಲಿ ಕೆಲಸ.
ಓದು: ಬಿ.ಕಾಂ., ಕರ್ನಾಟಕ ವಿಶ್ವವಿದ್ಯಾಲಯ, 2013. 2018ರಿಂದ ಐಸಿಎಸ್‌ಐ ಸದಸ್ಯೆ.

ಜುಲೈ 2021ರಿಂದ ಇಂದಿನವರೆಗೆ
ಪೀಣ್ಯದ ಲಿಸ್ಟೆಡ್ ಬಿಡಿಭಾಗ ತಯಾರಿಕಾ ಕಂಪನಿ

ಇಲ್ಲಿಯವರೆಗೆ 26 ಬೋರ್ಡ್ ಮೀಟಿಂಗ್, 21 ಆಡಿಟ್ ಕಮಿಟಿ ಸಭೆ, 5 ವಾರ್ಷಿಕ ಸಭೆ ನಡೆಸಿದ್ದೇನೆ. ಎರಡು ಬೋರ್ಡ್ ಮೀಟಿಂಗ್ ನಡುವೆ 120 ದಿನ ಮೀರಬಾರದು ಎನ್ನುವುದು ಕಾನೂನು. ನಮ್ಮಲ್ಲಿ ಅತಿ ದೊಡ್ಡ ಅಂತರ 97 ದಿನ. ಕರಡು ಮಿನಿಟ್ಸ್‌ಗೆ 15 ದಿನ ಸಮಯವಿದೆ. ನಾನು ಹತ್ತನೇ ದಿನದೊಳಗೆ ಎಲ್ಲ ನಿರ್ದೇಶಕರಿಗೆ ಕಳಿಸುತ್ತೇನೆ. ತಡವಾದಷ್ಟೂ ಯಾರು ಏನು ಹೇಳಿದರು ಎನ್ನುವುದು ಮಸುಕಾಗುತ್ತದೆ, ಅಲ್ವಾ?

ಸೆಬಿಯ ಎಲ್‌ಒಡಿಆರ್ ನಿಯಮದಡಿ 17 ತ್ರೈಮಾಸಿಕ ಫಲಿತಾಂಶ ಸಲ್ಲಿಸಿದ್ದೇನೆ. 13ಕ್ಕೆ 45 ದಿನದ ಗಡುವು, ಮಾರ್ಚ್‌ನ 4ಕ್ಕೆ 60 ದಿನ. ಒಂದೂ ತಪ್ಪಿಲ್ಲ. ತಪ್ಪಿದ್ದರೆ ದಿನಕ್ಕೆ 5,000 ರೂಪಾಯಿ ದಂಡ.

ನನಗೆ ಜಾಸ್ತಿ ಹೆಮ್ಮೆ ಇರುವುದು ಸಭೆ ಮುಗಿದ ಮೇಲಿನ 30 ನಿಮಿಷದ ಕೆಲಸದ ಬಗ್ಗೆ. ಅಷ್ಟರೊಳಗೆ ಬೋರ್ಡ್ ನಿರ್ಧಾರ ಎಕ್ಸ್‌ಚೇಂಜ್‌ಗೆ ಹೋಗಬೇಕು. ಡಿವಿಡೆಂಡ್ ಇದ್ದರೊಂದು, ಇಲ್ಲದಿದ್ದರೊಂದು ಎಂದು ಕರಡುಗಳನ್ನು ಹಿಂದಿನ ರಾತ್ರಿಯೇ ಸಿದ್ಧ ಮಾಡಿಡುತ್ತೇನೆ. ಅತಿ ಬೇಗ ಕಳಿಸಿದ್ದು 9 ನಿಮಿಷದಲ್ಲಿ, ಅತಿ ತಡ 27ರಲ್ಲಿ. ಡಿಸೆಂಬರ್ 2024ರಿಂದ, ಮಾರುಕಟ್ಟೆ ಮುಚ್ಚಿದ ಮೇಲೆ ಸಭೆ ಮುಗಿದರೆ 3 ಗಂಟೆ ಸಿಗುತ್ತದೆ. ಆದರೂ ಅಭ್ಯಾಸ ಬದಲಿಸಿಲ್ಲ.

ಒಳಗಿನ ಮಾಹಿತಿ ಯಾರಿಗೆ ಯಾವಾಗ ಕೊಟ್ಟೆವು ಎನ್ನುವ ಡಿಜಿಟಲ್ ದಾಖಲೆಯೂ ನನ್ನ ಕೈಯಲ್ಲೇ ಇದೆ.

ಫೆಬ್ರವರಿ 2020 – ಜೂನ್ 2021
ಹುಬ್ಬಳ್ಳಿಯ ಪ್ರೈವೇಟ್ ಕಂಪನಿ

ಸೇರಿದಾಗ 2017-18 ಮತ್ತು 2018-19ರ ಲೆಕ್ಕಪತ್ರದ ಫಾರ್ಮ್ ಎಒಸಿ-4, ವಾರ್ಷಿಕ ರಿಟರ್ನ್ ಎಂಜಿಟಿ-7 ಸಲ್ಲಿಕೆಯಾಗಿರಲಿಲ್ಲ. ಪ್ರತಿ ಫಾರ್ಮ್‌ಗೂ ದಿನಕ್ಕೆ 100 ರೂಪಾಯಿ ಏರುತ್ತಿತ್ತು. ಮೂರನೇ ವರ್ಷವೂ ತಪ್ಪಿದ್ದರೆ ನಿರ್ದೇಶಕರು ಸೆಕ್ಷನ್ 164(2)ರಡಿ ಅನರ್ಹರಾಗುತ್ತಿದ್ದರು. ಆ ವರ್ಷ ಸರ್ಕಾರ ಕಂಪನಿಗಳಿಗೆ ಕೊಟ್ಟ ಫ್ರೆಶ್ ಸ್ಟಾರ್ಟ್ ಯೋಜನೆಯಡಿ, ಹೆಚ್ಚುವರಿ ಶುಲ್ಕವಿಲ್ಲದೆ ನಾಲ್ಕೂ ಫಾರ್ಮ್‌ಗಳನ್ನು ಅಕ್ಟೋಬರ್ 2020ರಲ್ಲಿ ಮುಗಿಸಿದೆ. 2019-20ರದ್ದು ಸಮಯಕ್ಕೆ ಸರಿಯಾಗಿ ಹೋಯಿತು.

ಒಂದು ತಪ್ಪನ್ನೂ ಹೇಳಬೇಕು. 2021ರಲ್ಲಿ ನಿರ್ದೇಶಕರ ಬದಲಾವಣೆ ತಿಳಿಸುವ ಒಂದು ಡಿಐಆರ್-12 ಫಾರ್ಮ್ ಆರು ದಿನ ತಡವಾಯಿತು. ಸಹಿ ಮಾಡಬೇಕಿದ್ದ ನಿರ್ದೇಶಕರ ಡಿಜಿಟಲ್ ಸಹಿ ಪ್ರಮಾಣಪತ್ರ, ಅಂದರೆ ಡಿಎಸ್‌ಸಿ, ಅವಧಿ ಮುಗಿದಿದ್ದನ್ನು ನಾನು ಗಮನಿಸಿರಲಿಲ್ಲ. ಅಂದಿನಿಂದ ಎಲ್ಲರ ಡಿಎಸ್‌ಸಿ ಮುಗಿಯುವ ದಿನಾಂಕ ಗಡುವಿನ ಪಟ್ಟಿಯಲ್ಲೇ ಇರುತ್ತದೆ. 60 ದಿನ ಮೊದಲೇ ನೆನಪಿಸುತ್ತೇನೆ. ಮತ್ತೆ ಹಾಗೆ ಆಗಿಲ್ಲ.

2018 – 2020
ಬೆಂಗಳೂರಿನ ಪ್ರಾಕ್ಟೀಸಿಂಗ್ ಕಂಪನಿ ಸೆಕ್ರೆಟರಿ ಕಚೇರಿಯಲ್ಲಿ ಸಹಾಯಕಿ. ವಾರ್ಷಿಕ ಫೈಲಿಂಗ್, ಷೇರು ಹಂಚಿಕೆ, ಸಾಲದ ಚಾರ್ಜ್ ನೋಂದಣಿ.

ಭಾಷೆ
ಕನ್ನಡ, ಇಂಗ್ಲಿಷ್, ಹಿಂದಿ. ವಾರ್ಷಿಕ ಸಭೆಯಲ್ಲಿ ಹಿರಿಯ ಷೇರುದಾರರು ಕೇಳುವ ಪ್ರಶ್ನೆಗಳಿಗೆ ಕನ್ನಡದಲ್ಲೇ ಉತ್ತರಿಸುತ್ತೇನೆ.

ಸೇರುವ ಸಮಯ
ನೋಟಿಸ್ ಅವಧಿ 60 ದಿನ. ಸೆಪ್ಟೆಂಬರ್ ತ್ರೈಮಾಸಿಕದ ಫಲಿತಾಂಶಕ್ಕೆ ನವೆಂಬರ್ 14 ಗಡುವು. ಅದನ್ನು ಸಲ್ಲಿಸಿ, ಮಿನಿಟ್ಸ್ ಮುಗಿಸಿ ಬರುತ್ತೇನೆ.