ಹಗಲು ಪಾಳಿಯಿಂದ ರಾತ್ರಿ ಪಾಳಿಗೆ: ಜನರಲ್ ವಾರ್ಡ್, ರಾತ್ರಿ 8 ಗಂಟೆ

ಒಟ್ಟು 16 ಜನ. ಇವತ್ತು ಒಬ್ಬರು ಡಿಸ್ಚಾರ್ಜ್, ಹೊಸ ಅಡ್ಮಿಷನ್ ಇಲ್ಲ. ರೌಂಡ್ಸ್ ಶುರು ಮಾಡುವಾಗ ಮೊದಲು 7, ಆಮೇಲೆ 11, 9, 4 ನೋಡಿ ಸಿಸ್ಟರ್.

ಬೆಡ್ 7 (58 ವರ್ಷ, ಸಕ್ಕರೆ ಕಾಯಿಲೆ, ಕಾಲಿನ ಗಾಯ): ಮಧ್ಯಾಹ್ನದ ಇನ್ಸುಲಿನ್ ಆದ ಮೇಲೆ ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋದರು, ಊಟ ತಪ್ಪಿತು. ವಾಪಸ್ ಬಂದಾಗ, 2:40ಕ್ಕೆ, ಶುಗರ್ 54. ಬಾಯಲ್ಲಿ 15 ಗ್ರಾಂ ಗ್ಲೂಕೋಸ್ ಕೊಟ್ಟೆವು. 15 ನಿಮಿಷಕ್ಕೆ 82, ಊಟ ಮಾಡಿಸಿದ ಮೇಲೆ 131. ಕೈ ನಡುಕ ಏನೂ ಇರಲಿಲ್ಲ, ‘ಸುಮ್ನೆ ನಿದ್ದೆ ಬರ್ತಿದೆ’ ಅಂದರು ಅಷ್ಟೇ. ದಿಂಬು ಬೆವರಿಗೆ ಒದ್ದೆಯಾಗಿತ್ತು, ಅದಕ್ಕೇ ಶುಗರ್ ನೋಡಿದ್ದು. ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಾರೆ, ಎದೆ ಬಡಿತ, ನಡುಕ ಕಾಣದೇ ಹೋಗಬಹುದು. ಮಲಗಿದ್ದಾರೆ ಅಂತ ಬಿಡಬೇಡಿ, ಮುಟ್ಟಿ ನೋಡಿ.
ರಾತ್ರಿಯ ಇನ್ಸುಲಿನ್ ಕೊಟ್ಟಿಲ್ಲ. 10ಕ್ಕೆ ಶುಗರ್ ನೋಡಿ ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಿ, ಡೋಸ್ ಅವರೇ ಹೇಳುತ್ತಾರೆ. ಚಾರ್ಟ್‌ನಲ್ಲಿರುವ 14 ಯೂನಿಟ್ ಹಳೆಯದು, ಡಾಕ್ಟರ್ ಗೆರೆ ಎಳೆದು ಸಹಿ ಹಾಕಿದ್ದಾರೆ. ಬೆಳಗಿನ ಜಾವ 3ಕ್ಕೆ ಇನ್ನೊಮ್ಮೆ ಶುಗರ್.

ಬೆಡ್ 11: ರಕ್ತ ಏರಿಸುತ್ತಿದ್ದೇವೆ. 6:15ಕ್ಕೆ ಶುರು, ಸುಮಾರು ಅರ್ಧ ಆಗಿದೆ. 10:15ರೊಳಗೆ ಮುಗಿಯಲೇಬೇಕು. 15 ನಿಮಿಷದ ಚೆಕ್‌ನಲ್ಲಿ ಜ್ವರ, ಬಿಪಿ, ನಾಡಿ ಸರಿಯಿತ್ತು, 7:45ಕ್ಕೂ ಸರಿಯಿದೆ. ಚಳಿ, ಜ್ವರ, ಬೆನ್ನು ನೋವು ಅಂದರೆ ತಕ್ಷಣ ನಿಲ್ಲಿಸಿ ಡಾಕ್ಟರ್‌ಗೆ ಹೇಳಿ, ಬ್ಯಾಗ್ ಎಸೆಯಬೇಡಿ. ಒಂದೇ ಬಾಟಲಿ, ಎರಡನೆಯದು ಆರ್ಡರ್ ಇಲ್ಲ.

ಬೆಡ್ 9: ಕ್ಯಾತಿಟರ್ 2:30ಕ್ಕೆ ತೆಗೆದಿದೆ. ಇನ್ನೂ ಮೂತ್ರ ಹೋಗಿಲ್ಲ. ನೀರು ಚೆನ್ನಾಗಿ ಕುಡಿದಿದ್ದಾರೆ, ನೋವಿಲ್ಲ ಅನ್ನುತ್ತಾರೆ, ಆದರೆ ಹೊಟ್ಟೆಯ ಕೆಳಗೆ ಮುಟ್ಟಿದರೆ ಸ್ವಲ್ಪ ಗಟ್ಟಿ. ಡಾಕ್ಟರ್‌ಗೆ ಗೊತ್ತು. 8:30ಕ್ಕೂ ಹೋಗದಿದ್ದರೆ ಬ್ಲಾಡರ್ ಸ್ಕ್ಯಾನ್ ಮಾಡಿ ಫೋನ್ ಮಾಡಿ. ಸಂಕೋಚದ ಮನುಷ್ಯ, ಪರದೆ ಎಳೆದು ಕೇಳಿ. ಪೆನಿಸಿಲಿನ್ ಅಲರ್ಜಿ ಇದೆ.

ಬೆಡ್ 4 (ನ್ಯುಮೋನಿಯಾ): ಆಕ್ಸಿಜನ್ 2 ಲೀಟರ್, ಮಲಗಿದ್ದಾಗ 94. ಸಂಜೆ ಆಕ್ಸಿಜನ್ ತೆಗೆದು ಬಾತ್‌ರೂಮಿಗೆ ನಡೆದಾಗ 87ಕ್ಕೆ ಇಳಿಯಿತು, ಮತ್ತೆ ಹಾಕಿದ ಮೇಲೆ ಏರಿತು. ರಾತ್ರಿ ನಡೆಸುವುದು ಬೇಡ, ಬೆಡ್‌ಪ್ಯಾನ್ ಕೊಡಿ. ಆ್ಯಂಟಿಬಯಾಟಿಕ್ 10ಕ್ಕೆ. ಎಡಗೈ ಕ್ಯಾನುಲಾ ಊದಿತ್ತು, ತೆಗೆದು ಬಲಗೈಗೆ ಹಾಕಿದ್ದೇವೆ. ಪೊಟ್ಯಾಸಿಯಂ ರಿಪೋರ್ಟ್ ಲ್ಯಾಬಿನಿಂದ ಬರಬೇಕು, 9ರವರೆಗೆ ಬರದಿದ್ದರೆ ನೀವೇ ಕೇಳಿ.

ಬೆಡ್ 2ರ ಅಜ್ಜಿಗೆ ಕತ್ತಲಾದರೆ ಗಲಿಬಿಲಿ ಜಾಸ್ತಿ, ಎದ್ದು ಹೊರಡುತ್ತಾರೆ. ಕನ್ನಡಕ, ಕಿವಿಯ ಮಿಷನ್ ಹಾಕಿದರೆ ಮಾತು ಕೇಳುತ್ತಾರೆ. ಮಂಚ ತಗ್ಗಿಸಿದೆ, ಮಗಳು ರಾತ್ರಿ ಪಕ್ಕದಲ್ಲೇ ಇರುತ್ತಾರೆ.

ಉಳಿದವರು ಆರಾಮ, ವಿವರ ಚಾರ್ಟ್‌ನಲ್ಲಿದೆ.

ಬೀಗದ ಕಪಾಟಿನಲ್ಲಿ ಮಾರ್ಫಿನ್ 6 ಆಂಪೂಲ್. ಬೀಗದ ಕೈ ಕೊಡುವ ಮುಂಚೆ ಇಬ್ಬರೂ ಸೇರಿ ಎಣಿಸಿ ಸಹಿ ಹಾಕೋಣ.